ಬಾರದವರ ಸೊನ್ನೆ

ಲೆಕ್ಕದ ಟೀಚರಿಗೆ ಮಕ್ಕಳು ‘ದಶಮಾಂಶ’ ಎಂದು ಹೆಸರಿಟ್ಟು ಇಪ್ಪತ್ತನಾಲ್ಕು ವರ್ಷವಾಗಿತ್ತು. ಅವರು ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಬ್ಬ ಹುಡುಗ ಮೂವತ್ತನಾಲ್ಕೂವರೆ ಅಂಕ ತಗೊಂಡು, ಅರ್ಧ ಅಂಕಕ್ಕಾಗಿ ಮೂರು ದಿನ ಅವರ ಹಿಂದೆ ಮುಂದೆ ಸುತ್ತಿದ. ನಾಲ್ಕನೇ ದಿನ ಟೀಚರ್ ಅವನನ್ನು ಕೂರಿಸಿಕೊಂಡು ಉತ್ತರಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ನೋಡಿದರು. ಅಂಕ ಮೂವತ್ತನಾಲ್ಕೂಕಾಲಿಗೆ ಇಳಿಯಿತು. ಆಮೇಲೆ ಆ ಹೆಸರು ಅಂಟಿಕೊಂಡಿತು. ಹೆಸರು ಅವರ ಕಿವಿಗೂ ಬಿದ್ದಿತ್ತು. ಬೇಸರವೇನೂ ಇರಲಿಲ್ಲ. ಶಾಲೆಯಲ್ಲಿ ಇನ್ನೊಬ್ಬರಿಗೆ ‘ತಗಡು’ ಅಂತ ಹೆಸರಿತ್ತು, ಅದಕ್ಕಿಂತ ಇದು ವಾಸಿ ಅಂದುಕೊಂಡಿದ್ದರು.

ಪಾಠದ ಜೊತೆಗೆ ಅವರ ತಲೆಗೆ ಕಟ್ಟಿದ್ದ ಇನ್ನೊಂದು ಕೆಲಸ ಅಂಕಗಳ ದಾಖಲೆ. ಪ್ರತಿ ಪರೀಕ್ಷೆ ಮುಗಿದ ಮೇಲೆ ಎಲ್ಲ ತರಗತಿಗಳ ಅಂಕಗಳೂ ಅವರ ಮೇಜಿಗೆ ಬರುತ್ತಿದ್ದವು. ಉದ್ದನೆಯ ನೀಲಿ ರಟ್ಟಿನ ಪುಸ್ತಕ, ಮರದ ಅಳತೆಪಟ್ಟಿ, ಎರಡು ಪೆನ್ನು. ಕಚೇರಿಗೆ ಕಂಪ್ಯೂಟರ್ ಬಂದು ಎಷ್ಟೋ ವರ್ಷ ಕಳೆದಿದ್ದರೂ ಪುಸ್ತಕ ನಿಂತಿರಲಿಲ್ಲ. ಟೀಚರ್ ಪುಸ್ತಕದಲ್ಲಿ ಬರೆಯುವುದು, ಗುಮಾಸ್ತ ಅದನ್ನು ನೋಡಿ ಕಂಪ್ಯೂಟರಿಗೆ ತುಂಬುವುದು, ಎರಡೂ ತಾಳೆಯಾದರೆ ಹೆಡ್‌ಮೇಷ್ಟ್ರು ಸಹಿ ಹಾಕುವುದು. ಹೀಗೆ ನಡೆದಿತ್ತು.

ಆ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು ಇತ್ತು: ‘ಪರೀಕ್ಷೆಗೆ ಬಾರದವರ ಅಂಕ ಸೊನ್ನೆ. ಸರಾಸರಿ ತೆಗೆಯುವಾಗ ಇಡೀ ತರಗತಿಯ ಸಂಖ್ಯೆಯಿಂದ ಭಾಗಿಸತಕ್ಕದ್ದು.’ ಅಕ್ಷರ ಟೀಚರದೇ. ಆ ವರ್ಷದ ನಡುವಿನ ಪರೀಕ್ಷೆಯಲ್ಲಿ ಆ ಸಾಲು ಅವರಿಗೇ ಅಡ್ಡ ಬಂತು.

ಏಳನೇ ತರಗತಿಯಲ್ಲಿ ನಲವತ್ತು ಮಕ್ಕಳು. ಪರೀಕ್ಷೆಯ ಹಿಂದಿನ ವಾರ ಆ ಕೋಣೆಗೆ ಮಂಗನಬಾವು ನುಗ್ಗಿತು. ಮೊದಲು ಒಬ್ಬಳ ಬಲಗೆನ್ನೆ, ಆಮೇಲೆ ಅವಳ ಪಕ್ಕದವಳ ಎರಡೂ ಕೆನ್ನೆ, ಆಮೇಲೆ ಹಿಂದಿನ ಬೆಂಚು ಪೂರ್ತಿ. ವಿಜ್ಞಾನ ಪರೀಕ್ಷೆಯ ದಿನ ಒಂಬತ್ತು ಮಂದಿ ಗದ್ದಕ್ಕೆ ಬಟ್ಟೆ ಕಟ್ಟಿಕೊಂಡು ಮನೆಯಲ್ಲಿ ಮಲಗಿದ್ದರು. ಒಂಬತ್ತಕ್ಕೆ ಒಂಬತ್ತೂ ಡಾಕ್ಟರ ಚೀಟಿ ಬಂದಿತ್ತು.

ಟೀಚರ್ ನಿಯಮದಂತೆ ಒಂಬತ್ತು ಹೆಸರಿನ ಮುಂದೆ ಒಂಬತ್ತು ಸೊನ್ನೆ ಬರೆದರು. ಒಟ್ಟು ಅಂಕ ಸಾವಿರದ ಆರುನೂರ ತೊಂಬತ್ತು. ನಲವತ್ತರಿಂದ ಭಾಗಿಸಿದರು. ನಲವತ್ತೆರಡು ದಶಮಾಂಶ ಎರಡು ಐದು.

ಮೇಜಿನ ಆಚೆ ವಿಜ್ಞಾನದ ಟೀಚರ್ ನಿಂತಿದ್ದಳು. ಇಪ್ಪತ್ತಾರರ ಹುಡುಗಿ, ಸೇರಿ ಹತ್ತು ತಿಂಗಳಾಗಿತ್ತು. ರಟ್ಟಿನ ಪೆಟ್ಟಿಗೆಗೆ ಸೂಜಿಯ ತೂತು ಮಾಡಿ ತಲೆಕೆಳಗಾದ ಮರ ತೋರಿಸುವವಳು, ಮಕ್ಕಳ ಜೊತೆ ಮೈದಾನದಲ್ಲಿ ಬಗ್ಗಿ ಇರುವೆ ಎಣಿಸುವವಳು. ಅವಳ ನೇಮಕದ ಪತ್ರದಲ್ಲಿ ಒಂದು ಷರತ್ತಿತ್ತು: ಮೊದಲ ವರ್ಷದ ಈ ಪರೀಕ್ಷೆಯಲ್ಲಿ ತನ್ನ ತರಗತಿಯ ಸರಾಸರಿ ಐವತ್ತೈದಕ್ಕೆ ಕಡಿಮೆ ಇರಬಾರದು. ಇದ್ದರೆ ಕೆಲಸ ಖಾಯಂ ಆಗುವುದಿಲ್ಲ. ಆಡಳಿತ ಮಂಡಳಿಯ ಸಭೆ ಶನಿವಾರ. ಅಂದು ಮಂಗಳವಾರ.

“ಎಷ್ಟು ಬಂತು ಮೇಡಂ?”

ಟೀಚರ್ ಪುಸ್ತಕವನ್ನು ಅವಳ ಕಡೆ ತಿರುಗಿಸಿದರು. ಹುಡುಗಿ ನೋಡಿದಳು, ನಗುವುದಕ್ಕೆ ಪ್ರಯತ್ನಪಟ್ಟಳು.

“ಒಂಬತ್ತು ಜನಾನೂ ಎದ್ದು ಬಂದಿದ್ರೆ ಅಂತ ಅನ್ನಿಸುತ್ತೆ. ಕೆನ್ನೆ ಊದಿದ್ರೂ ಕೈ ಊದಿರ್ಲಿಲ್ವಲ್ಲ.”

“ಬಂದಿದ್ರೆ ಮಿಕ್ಕ ಮೂವತ್ತೊಂದು ಕೆನ್ನೆಗಳೂ ಊದ್ತಿದ್ವು,” ಎಂದರು ಟೀಚರ್. “ಅರವತ್ತೆರಡು,” ಎಂದು ತಿದ್ದಿಕೊಂಡರು.

ಹುಡುಗಿ ಈ ಸಲ ನಿಜವಾಗಿ ನಕ್ಕಳು. ನಕ್ಕು ಹೊರಟುಹೋದಳು. ನಿಯಮ ಬದಲಿಸಿ ಎಂದು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಟೀಚರಿಗೆ ಸಿಟ್ಟಾದರೂ ಬರುತ್ತಿತ್ತು, ಕೆಲಸ ಸುಲಭವಾಗುತ್ತಿತ್ತು.

ಸೊನ್ನೆಯ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಬಾರದವರನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಬಂದವರ ಅಂಕ ಕೂಡಿ ಬಂದವರ ಸಂಖ್ಯೆಯಿಂದಲೇ ಭಾಗಿಸುತ್ತಿದ್ದರು. ಆಗ ಚರಿತ್ರೆಯ ಮೇಷ್ಟ್ರೊಬ್ಬರ ತರಗತಿಗೆ ಮೂರು ವರ್ಷ ಸಾಲಾಗಿ ಮೊದಲ ಸ್ಥಾನ. ಮೂರನೇ ವರ್ಷ ಒಬ್ಬ ತಾಯಿ ಬಂದು, “ಮೇಷ್ಟ್ರು ತುಂಬಾ ಒಳ್ಳೆಯವರು ಕಣಮ್ಮಾ, ಪರೀಕ್ಷೆ ದಿನ ಆರಾಮಾಗಿ ಮನೇಲಿರು ಮಗಾ ಅಂತ ನನ್ನ ಮಗನಿಗೆ ಅವರೇ ಹೇಳಿದ್ರು,” ಎಂದಾಗ ಗುಟ್ಟು ರಟ್ಟಾಯಿತು. ಅಂಕ ಬಾರದ ಆರು ಮಕ್ಕಳು ಪ್ರತಿ ಸಲವೂ ಮನೆಯಲ್ಲಿ ಆರಾಮಾಗಿದ್ದರು. ಸರಾಸರಿಯೂ ಆರಾಮಾಗಿ ಏರುತ್ತಿತ್ತು. ಟೀಚರ್ ಆ ಸಂಜೆಯೇ ಕೆಂಪು ಪೆನ್ನು ತೆಗೆದಿದ್ದರು. ತಮ್ಮ ಬಾಳಿನಲ್ಲಿ ಮಾಡಿದ ನೇರವಾದ ಕೆಲಸಗಳಲ್ಲಿ ಅದೂ ಒಂದು ಎಂಬ ಸಣ್ಣ ಹೆಮ್ಮೆ ಅವರಿಗಿತ್ತು.

ಅವರ ಗಂಡ ಗಡಿಯಾರ ರಿಪೇರಿಯವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಆ ಸಂಜೆ ಟೀಚರ್ ಬಂದಾಗ ಅವರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರವೊಂದರ ಹೊಟ್ಟೆ ಬಗೆದಿದ್ದರು.

“ಏನ್ ಟೀಚರಮ್ಮಾ, ಮುಖ ಹನ್ನೆರಡು ಗಂಟೆ ತೋರಿಸ್ತಿದೆ?”

“ಸುಮ್ನಿರ್ರೀ.”

ಸುಮ್ಮನಿದ್ದದ್ದು ಎರಡು ನಿಮಿಷ. ಆಮೇಲೆ ಟೀಚರ್ ತಾವೇ ಸ್ಟೂಲು ಎಳೆದುಕೊಂಡು ಕೂತು ಎಲ್ಲ ಹೇಳಿದರು. ಮಂಗನಬಾವು, ನಲವತ್ತೆರಡು ಕಾಲು, ಐವತ್ತೈದು, ಆ ಹುಡುಗಿ, ಚರಿತ್ರೆಯ ಮೇಷ್ಟ್ರು. ಗಂಡ ತಲೆ ಎತ್ತದೆ ಕೇಳಿಸಿಕೊಂಡರು.

“ನಂಗೆ ಲೆಕ್ಕ ಬರಲ್ಲ. ಒಂದು ಕೇಳ್ಲಾ?”

“ಕೇಳಿ.”

“ನಮ್ಮ ಬೀದೀಲಿ ಒಂದಿನ್ನೂರು ಗಡಿಯಾರ ಇರಬಹುದು. ನನ್ನ ಅಂಗಡಿಗೆ ಬಂದಿರೋದು ಇಪ್ಪತ್ತು. ಬರದೇ ಇರೋ ನೂರೆಂಬತ್ತೂ ನಿಂತು ಹೋಗಿವೆ ಅಂತ ಬರ್ಕೊಳ್ಳಲಾ?”

“ಅದು ಹೇಗಾಗುತ್ತೆ? ನೀವು ನೋಡೇ ಇಲ್ವಲ್ಲ.”

“ಎಲ್ಲಾ ಸರಿಯಾಗಿ ಓಡ್ತಿವೆ ಅಂತ ಬರ್ಕೊಳ್ಳಲಾ?”

“ಅದೂ ಗೊತ್ತಿಲ್ಲ.”

“ಅಷ್ಟೇ,” ಎಂದು ಗಂಡ ಚಿಮುಟದಿಂದ ಒಂದು ತಿರುಪು ಎತ್ತಿದರು. “ನೀನು ಸೊನ್ನೆ ಬರೆದೆ ಅಂದ್ರೆ ನೋಡಿದೆ ಅಂತ ಅರ್ಥ. ನೀನೆಲ್ಲಿ ನೋಡಿದೀಯ?”

ಟೀಚರ್ ಎದ್ದು ಒಳಗೆ ಹೋದರು. ಬೆಂಡೆಕಾಯಿ ಹೆಚ್ಚುತ್ತಾ ಹೆಚ್ಚುತ್ತಾ ನಿಂತುಬಿಟ್ಟರು. ಸೊನ್ನೆ ಎಂದರೆ ಅಳೆದ ಮೇಲೆ ಸಿಕ್ಕ ಒಂದು ಬೆಲೆ. ಅಳೆಯದೇ ಇದ್ದದ್ದಕ್ಕೆ ಬೆಲೆಯೇ ಇಲ್ಲ. ಮಕ್ಕಳಿಗೆ ಇದನ್ನು ವರ್ಷಕ್ಕೆ ಎರಡು ಸಲವಾದರೂ ಹೇಳುವವರು ತಾವೇ. ಹತ್ತೊಂಬತ್ತು ವರ್ಷ ಒಬ್ಬ ಮೇಷ್ಟ್ರ ಮೇಲಿನ ಸಿಟ್ಟಿನಲ್ಲಿ ಗಣಿತವನ್ನೇ ಮರೆತಿದ್ದರು.

“ಬೆಂಡೆಕಾಯಿ ಸರಾಸರಿ ಎಷ್ಟು ಉದ್ದ ಬಂತು?” ಎಂದು ಗಂಡ ಅಂಗಡಿಯಿಂದ ಕೂಗಿದರು.

“ನಿಮ್ಮ ನಾಲಿಗೆಗಿಂತ ಗಿಡ್ಡ!”

ಮರುದಿನ ಬೆಳಗ್ಗೆ ಅವರು ಹೆಡ್‌ಮೇಷ್ಟ್ರ ಕೋಣೆಗೆ ಹೋದರು. ಹೆಡ್‌ಮೇಷ್ಟ್ರು ಒಳ್ಳೆಯ ಮನುಷ್ಯ, ಸಭೆ ಎಂದರೆ ಮಾತ್ರ ಹೆದರಿಕೆ.

“ನಿಯಮ ಬರೆದವರು ನೀವೇ, ಅಳಿಸೋರೂ ನೀವೇನಾ?”

“ತಪ್ಪು ಮಾಡಿದೋರೇ ತಿದ್ದಬೇಕಲ್ಲ ಸಾರ್.”

“ಆ ಒಂಬತ್ತು ಸೊನ್ನೆ ತೆಗೆದ್ರೆ ಹುಡುಗಿ ಉಳ್ಕೋತಾಳಾ?”

“ಗೊತ್ತಿಲ್ಲ. ಇನ್ನೂ ಭಾಗಿಸಿಲ್ಲ.” ಇದು ನಿಜವಾಗಿತ್ತು. ಉತ್ತರ ಗೊತ್ತಾದ ಮೇಲೆ ನಿಯಮ ಬದಲಿಸಿದರೆ ಅದು ನಿಯಮವಲ್ಲ ಎಂದು, ರಾತ್ರಿಯೆಲ್ಲ ಕೈ ತುರಿಸಿದರೂ ಅವರು ಭಾಗಿಸಿರಲಿಲ್ಲ.

ಹೆಡ್‌ಮೇಷ್ಟ್ರು ಹೂಂ ಎಂದರು. ಟೀಚರ್ ಕಚೇರಿಗೆ ಹೋಗಿ ಗುಮಾಸ್ತನಿಗೆ, “ಏಳನೇ ತರಗತಿ ವಿಜ್ಞಾನದಲ್ಲಿ ಬಾರದವರ ಸೊನ್ನೆ ತೆಗೆದುಬಿಡಪ್ಪ,” ಎಂದರು.

ಗುಮಾಸ್ತ ಚುರುಕು ಆಸಾಮಿ. ಪಟ್ಟಿಯ ಒಂಬತ್ತು ಮನೆಗಳನ್ನು ಒಂದೊಂದಾಗಿ ಹುಡುಕುವುದು ಅವನಿಗೆ ಅವಮಾನ. “ಒಂದೇ ಏಟಿಗೆ ತೆಗೀತೀನಿ ನೋಡಿ ಮೇಡಂ!” ಎಂದು, ಸೊನ್ನೆ ಎಲ್ಲಿದ್ದರೂ ಹುಡುಕಿ ಅಳಿಸು ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಟ್ಟ. ಕಂಪ್ಯೂಟರ್ ಕಣ್ಣು ಮಿಟುಕಿಸಿತು. ಕೆಳಗೆ ಸರಾಸರಿ ಮೂಡಿತು: ನಲವತ್ತೆರಡು ದಶಮಾಂಶ ಎರಡು ಮೂರು.

“ಏನಿದು? ಸೊನ್ನೆ ತೆಗೆದ್ರೆ ಏರಬೇಕಲ್ವಾ?” ಎಂದ ಗುಮಾಸ್ತ.

ಟೀಚರ್ ಕನ್ನಡಕ ಏರಿಸಿಕೊಂಡು ಬಗ್ಗಿದರು. ತರಗತಿಗೇ ಮೊದಲು ಬಂದವಳಿಗೆ ಒಂಬತ್ತು ಅಂಕ. ನಿನ್ನೆ ತೊಂಬತ್ತಿತ್ತು. ಎಪ್ಪತ್ತು ಏಳಾಗಿತ್ತು. ಎರಡು ಅರವತ್ತು ಎರಡು ಆರಾಗಿದ್ದವು. ಮೂರು ಐವತ್ತು, ಒಂದು ನಲವತ್ತು, ಎಲ್ಲವೂ ಬಾಲ ಕತ್ತರಿಸಿಕೊಂಡು ಕೂತಿದ್ದವು.

“ಅಯ್ಯೋ ಮಹರಾಯ, ಸೊನ್ನೆ ತೆಗಿ ಅಂದ್ರೆ ಎಲ್ಲರ ಸೊನ್ನೇನೂ ಕಿತ್ತುಬಿಟ್ಯಲ್ಲೋ!”

“ನೀವೇ ತೆಗೆದುಬಿಡು ಅಂದ್ರಿ!”

“ನಿನ್ನ ಸಂಬಳದಲ್ಲೂ ಸೊನ್ನೆಗಳಿವೆ, ಹುಷಾರು.”

ಗುಮಾಸ್ತ ನಾಲಿಗೆ ಕಚ್ಚಿಕೊಂಡು ಎಲ್ಲವನ್ನೂ ಹಿಂದಕ್ಕೆ ತಂದ. ಈ ಸಲ ಮನೆಯಲ್ಲಿ ಬರೀ ಸೊನ್ನೆ ಒಂದೇ ಇದ್ದರೆ ಮಾತ್ರ ಅಳಿಸು ಎಂದ. ತೊಂಬತ್ತು ತೊಂಬತ್ತಾಗಿಯೇ ಉಳಿಯಿತು. ಖಾಲಿಯಾದ ಮನೆಗಳಲ್ಲಿ ಕಂಪ್ಯೂಟರ್ ತಾನೇ ‘ಗೈರುಹಾಜರಿ’ ಎಂದು ತೋರಿಸಿತು. ಸರಾಸರಿ ಐವತ್ತಾರು ದಶಮಾಂಶ ಮೂರು ಮೂರು. ಬಾಗಿಲಲ್ಲಿ ಇಣುಕುತ್ತಿದ್ದ ಹೆಡ್‌ಮೇಷ್ಟ್ರು ‘ಐವತ್ತಾರು’ ಎಂಬ ಮಾತು ಕಿವಿಗೆ ಬಿದ್ದದ್ದೇ ಮುದ್ರಿಸಿದ ಹಾಳೆಯನ್ನು ಬಿಸಿಬಿಸಿಯಾಗಿ ಎಳೆದುಕೊಂಡರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಟೀಚರ್ ತರಗತಿಗೆ ಓಡಿದರು. ಪುಸ್ತಕದ ಜೊತೆ ತಾಳೆ ನೋಡುವುದು ಉಳಿಯಿತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.

ಮಧ್ಯಾಹ್ನದ ಹೊತ್ತಿಗೆ ಹಾಳೆ ಸೂಚನಾ ಫಲಕಕ್ಕೆ ಏರಿತ್ತು, ಶಿಕ್ಷಕರ ಕೋಣೆಯಲ್ಲಿ ವಿಜ್ಞಾನದ ಟೀಚರ್ ಎಲ್ಲರಿಗೂ ಚಹಾ ತರಿಸಿದ್ದಳು. ಲೆಕ್ಕದ ಟೀಚರ್ ಮೊದಲ ಗುಟುಕು ಕುಡಿಯುವಷ್ಟರಲ್ಲಿ ಬಾಗಿಲಲ್ಲಿ ಎರಡು ಜಡೆ ಕಾಣಿಸಿದವು. ಮೂರು ವಾರದ ಹಿಂದೆ ಬೇರೆ ಊರಿನ ಶಾಲೆಯಿಂದ ಬಂದು ಏಳನೇ ತರಗತಿಗೆ ಸೇರಿದ ಹುಡುಗಿ.

“ಟೀಚರ್, ಬೋರ್ಡಲ್ಲಿ ನಂಗೆ ಗೈರುಹಾಜರಿ ಅಂತ ಹಾಕಿದಾರೆ. ನಾನು ಬಂದಿದ್ದೆ.”

“ನಿಂಗೆಷ್ಟು ಬಂದಿತ್ತು?”

“ಸೊನ್ನೆ,” ಎಂದಳು ಹುಡುಗಿ, ತಲೆ ತಗ್ಗಿಸದೆ. “ಅಲ್ಲಿ ಬೇರೆ ಪಾಠ ಆಗಿತ್ತು, ಇಲ್ಲಿ ಬೇರೆ. ಒಂದೂ ಬರಲಿಲ್ಲ. ಆದ್ರೆ ಪೂರ್ತಿ ಹೊತ್ತು ಕೂತಿದ್ದೆ. ಅಂಚಿನ ಗೆರೆ ಎಲ್ಲಾ ಹಾಕಿದ್ದೆ. ಸೊನ್ನೆ ಬಂದ್ರೆ ಅಮ್ಮ ಏನೂ ಅನ್ನಲ್ಲ, ಗೊತ್ತಿದೆ ಅವರಿಗೆ. ಗೈರುಹಾಜರಿ ಅಂದ್ರೆ ಎಲ್ಲಿಗೆ ಹೋಗಿದ್ದೆ ಅಂತ ಕಾಲು ಮುರೀತಾರೆ.”

ಟೀಚರ್ ಲೋಟ ಕೆಳಗಿಟ್ಟರು. ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ಎಣಿಸಿದರು. ಮೂವತ್ತೊಂದು. ಕಂಪ್ಯೂಟರ್ ಭಾಗಿಸಿದ್ದು ಮೂವತ್ತರಿಂದ. ಕೊನೆಯ ಪತ್ರಿಕೆಯಲ್ಲಿ ಹೆಸರು, ತರಗತಿ, ನೇರವಾದ ಅಂಚು, ಒಂದರಿಂದ ಇಪ್ಪತ್ತರವರೆಗೆ ಪ್ರಶ್ನೆಸಂಖ್ಯೆ, ಪ್ರತಿ ಸಂಖ್ಯೆಯ ಮುಂದೆ ಖಾಲಿ ಸಾಲು. ಕೆಳಗೆ ಕೆಂಪಿನಲ್ಲಿ ದುಂಡನೆಯ ಸೊನ್ನೆ. ಬಾರದವರ ಒಂಬತ್ತು ಸೊನ್ನೆಗಳ ಜೊತೆ ಬಂದವಳ ಒಂದು ಸೊನ್ನೆಯೂ ಹಾರಿಹೋಗಿತ್ತು.

ಕಾಗದದ ಮೂಲೆಯಲ್ಲಿ ಭಾಗಿಸಿದರು. ಸಾವಿರದ ಆರುನೂರ ತೊಂಬತ್ತನ್ನು ಮೂವತ್ತೊಂದರಿಂದ. ಐವತ್ತನಾಲ್ಕು ದಶಮಾಂಶ ಐದು ಒಂದು ಆರು.

ಅವರು ಪೆನ್ನಿನ ಮುಚ್ಚಳ ಹಾಕಿ ತಲೆ ಎತ್ತಿದರು. ಎದುರಿಗೆ ಚಹಾ, ಅದರಾಚೆ ಎಲ್ಲರ ಜೊತೆ ನಗುತ್ತಿದ್ದ ವಿಜ್ಞಾನದ ಟೀಚರ್. ಆಮೇಲೆ ಅವಳನ್ನು ಕರೆದು ಕಾಗದ ತೋರಿಸಿದರು. ಅವಳು ಓದಿದಳು. ನಗು ನಿಂತಿತು. ಬಾಗಿಲಲ್ಲಿದ್ದ ಹುಡುಗಿಯನ್ನು ನೋಡಿದಳು.

“ಅವಳು ಬಂದಿದ್ಲು ಮೇಡಂ,” ಎಂದಳು. “ಆ ಸೊನ್ನೆ ಹಾಕಿದ್ದು ನಾನೇ. ಸೇರಿಸ್ಕೊಳ್ಳಿ.”

ಹೆಡ್‌ಮೇಷ್ಟ್ರಿಗೆ ವಿಷಯ ತಿಳಿದಾಗ ತಲೆ ಹಿಡಿದುಕೊಂಡರು. ಕೂಡಲೇ ಮುಖ ಅರಳಿತು. “ಐವತ್ತನಾಲ್ಕೂವರೆಗಿಂತ ಮೇಲಿದೆಯಲ್ಲ! ಪೂರ್ಣಾಂಕಕ್ಕೆ ತಗೊಂಡ್ರೆ ಐವತ್ತೈದೇ ಆಯ್ತು! ಲೆಕ್ಕದಲ್ಲೇ ಹಾಗೆ ಹೇಳಿಕೊಡ್ತೀರಲ್ಲ ನೀವು?”

“ಹೇಳಿಕೊಡ್ತೀನಿ ಸಾರ್. ಆದ್ರೆ ಪತ್ರದಲ್ಲಿ ಐವತ್ತೈದಕ್ಕೆ ಕಡಿಮೆ ಇರಬಾರದು ಅಂತಿದೆ. ಐವತ್ತೈದರ ಹತ್ತಿರ ಅಂತಿಲ್ಲ.”

“ಮಕ್ಕಳು ನಿಮಗೆ ಸರಿಯಾದ ಹೆಸರೇ ಇಟ್ಟಿದಾರೆ ಬಿಡಿ.”

“ನಂಗೂ ಹಾಗೇ ಅನ್ನಿಸುತ್ತೆ,” ಎಂದರು ಟೀಚರ್. “ಆದ್ರೆ ಸಾರ್, ಇದು ಇನ್ನೂ ಸರಾಸರಿಯೇ ಅಲ್ಲ. ನಲವತ್ತು ಜನರ ತರಗತೀಲಿ ಒಂಬತ್ತು ಜನರನ್ನ ನಾವು ನೋಡೇ ಇಲ್ಲ. ಒಬ್ಬಿಬ್ಬರಾದ್ರೆ ಬಿಟ್ಟುಬಿಡಬಹುದು. ಹತ್ತಿರ ಹತ್ತಿರ ಕಾಲು ಭಾಗ ತರಗತಿ ಮನೇಲಿದ್ದಾಗ, ಬಂದವರ ಸರಾಸರಿ ಇಡೀ ತರಗತೀದು ಅಂತ ಹೇಗೆ ಹೇಳೋದು?”

“ಶನಿವಾರ ನಾನೇನು ಹೇಳ್ಲಿ?”

“ಮೂವತ್ತೊಂದು ಜನ ಬರೆದಿದಾರೆ, ಅವರ ಸರಾಸರಿ ಇಷ್ಟು, ಒಂಬತ್ತು ಜನ ಬರೀಬೇಕು. ಹಾಗೇ ಹೇಳಿ. ನಿಜ ಹೇಳೋಕೆ ಯಾಕೆ ಹೆದರಬೇಕು?”

ಅಂದು ಸಂಜೆ ಟೀಚರ್ ನೀಲಿ ರಟ್ಟಿನ ಪುಸ್ತಕದ ಮೊದಲ ಪುಟ ತೆರೆದು, ಹಳೆಯ ಕೆಂಪು ಸಾಲಿನ ಮೇಲೆ ಅಳತೆಪಟ್ಟಿ ಇಟ್ಟು ಒಂದು ಗೆರೆ ಎಳೆದರು. ಸಾಲು ಓದುವಂತೆಯೇ ಇರಲಿ ಎಂದು ಗೆರೆ ತೆಳ್ಳಗೆ. ಕೆಳಗೆ ಬರೆದರು: ‘ಬಾರದವರಿಗೆ ಸೊನ್ನೆ ಬರೆಯಬಾರದು, ಮನೆಯನ್ನು ಖಾಲಿಯೂ ಬಿಡಬಾರದು, “ಗೈ” ಎಂದು ಬರೆಯಬೇಕು. ಬಂದು ಸೊನ್ನೆ ಪಡೆದವರ ಸೊನ್ನೆ ಲೆಕ್ಕಕ್ಕೆ ಸೇರಬೇಕು. ಒಟ್ಟು ಅಂಕವನ್ನು ಬರೆದವರ ಸಂಖ್ಯೆಯಿಂದ ಭಾಗಿಸಿ ಸರಾಸರಿ ತೆಗೆದು, ಎಷ್ಟು ಮಂದಿಯಲ್ಲಿ ಎಷ್ಟು ಮಂದಿ ಬರೆದರು ಎಂಬುದನ್ನು ಪಕ್ಕದಲ್ಲೇ ಕಾಣಿಸಬೇಕು. ಹತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಬಾರದಿದ್ದರೆ, ಅವರಿಗೆ ಮರುಪರೀಕ್ಷೆ ಆಗುವವರೆಗೆ ಆ ಸರಾಸರಿ ಅಂತಿಮವಲ್ಲ.’

ಚರಿತ್ರೆಯ ಮೇಷ್ಟ್ರ ದಾರಿ ಇದರಲ್ಲಿ ಮುಚ್ಚಿದೆಯೇ ಎಂದು ಮತ್ತೊಮ್ಮೆ ಓದಿ ನೋಡಿದರು. ಆರು ಮಕ್ಕಳನ್ನು ಮನೆಯಲ್ಲಿ ಕೂರಿಸಿದರೂ ಮರುಪರೀಕ್ಷೆಗೆ ಅವರು ಬರಲೇಬೇಕು, ಒಬ್ಬಿಬ್ಬರನ್ನು ಕೂರಿಸಿದರೂ ಸಂಖ್ಯೆ ಪಕ್ಕದಲ್ಲೇ ಕೂತು ಚಾಡಿ ಹೇಳುತ್ತದೆ. ಸಮಾಧಾನವಾಯಿತು.

ಶನಿವಾರದ ಸಭೆ ಹೆಡ್‌ಮೇಷ್ಟ್ರು ಹೆದರಿದಷ್ಟು ಕೆಟ್ಟದಾಗಿರಲಿಲ್ಲ. ಮಂಗನಬಾವು ಎಂಬ ಮಾತು ಕೇಳಿದ್ದೇ ಅಧ್ಯಕ್ಷರು ಕುರ್ಚಿಯನ್ನು ಎರಡಡಿ ಹಿಂದಕ್ಕೆ ಸರಿಸಿಕೊಂಡು, “ಒಂದು ತಿಂಗಳು ತಗೊಳ್ಳಿ, ಅವಸರ ಇಲ್ಲ,” ಎಂದರಂತೆ.

ಕೆನ್ನೆಗಳು ಇಳಿದ ಮೇಲೆ ಒಂಬತ್ತು ಮಂದಿಗೂ ಮರುಪರೀಕ್ಷೆ ನಡೆಯಿತು. ಅದೇ ಪಾಠಗಳು, ಅಷ್ಟೇ ಕಷ್ಟದ ಬೇರೆ ಪ್ರಶ್ನೆಗಳು. ಪತ್ರಿಕೆ ತೆಗೆದದ್ದೂ ತಿದ್ದಿದ್ದೂ ಎಂಟನೇ ತರಗತಿಯ ವಿಜ್ಞಾನದ ಮೇಷ್ಟ್ರು. ತನ್ನ ಕೈಗೆ ಕೊಡಬೇಡಿ ಎಂದು ಏಳನೆಯ ವಿಜ್ಞಾನದ ಟೀಚರೇ ಹೇಳಿದ್ದಳು. ಪರೀಕ್ಷೆ ನಡೆಯುತ್ತಿದ್ದಾಗ ಅವಳು ಮೈದಾನದಲ್ಲಿ ಇರುವೆ ಸಾಲಿನ ಪಕ್ಕ ಕೂತಿದ್ದಳು. ಎಷ್ಟು ಇರುವೆ ಎಂದು ಯಾರೋ ಕೇಳಿದಾಗ ಅವಳಿಗೆ ಒಂದೂ ನೆನಪಿರಲಿಲ್ಲ.

ಟೀಚರ್ ಒಂಬತ್ತು ‘ಗೈ’ಗಳ ಪಕ್ಕದಲ್ಲಿ ಒಂಬತ್ತು ಅಂಕ ಬರೆದರು. ಕೂಡಿದರು. ಐನೂರ ಇಪ್ಪತ್ತಮೂರು. ಹಳೆಯದಕ್ಕೆ ಸೇರಿಸಿದರೆ ಎರಡು ಸಾವಿರದ ಇನ್ನೂರ ಹದಿಮೂರು. ಮೇಲಿನಿಂದ ಕೆಳಕ್ಕೆ ಒಂದು ಸಲ, ಕೆಳಗಿನಿಂದ ಮೇಲಕ್ಕೆ ಒಂದು ಸಲ. ನಲವತ್ತರಿಂದ ಭಾಗಿಸಿದರು. ಪಕ್ಕದಲ್ಲಿ ಗುಮಾಸ್ತ ಉಸಿರು ಬಿಗಿಹಿಡಿದು ಕಂಪ್ಯೂಟರ್ ನೋಡುತ್ತಿದ್ದ.

“ನೀನು ಹೇಳು ಮೊದಲು.”

“ನೀವೇ ಹೇಳಿ ಮೇಡಂ, ನನಗೆ ಅದರ ಮೇಲೆ ನಂಬಿಕೆ ಹೋಗಿದೆ.”

“ಐವತ್ತೈದು ದಶಮಾಂಶ ಮೂರು ಎರಡು ಐದು.”

“ತಾಳೆ!” ಎಂದು ಗುಮಾಸ್ತ ಮೇಜು ಕುಟ್ಟಿದ. ವಿಜ್ಞಾನದ ಟೀಚರ್ ಲೆಕ್ಕದ ಟೀಚರನ್ನು ಬಾಚಿ ತಬ್ಬಿಕೊಂಡಳು. ಟೀಚರಿಗೆ ಇಂಥದ್ದು ಅಭ್ಯಾಸವಿರಲಿಲ್ಲ. ಒಂದು ಕೈಯಲ್ಲಿ ಪೆನ್ನನ್ನು, ಶಾಯಿ ಅವಳ ಸೀರೆಗೆ ತಾಗದಂತೆ, ದೂರ ಹಿಡಿದು, ಇನ್ನೊಂದು ಕೈಯಲ್ಲಿ ಅವಳ ಬೆನ್ನು ತಟ್ಟಿದರು. ಮೂರು ಸಲ. ಸಂಜೆ ಗಂಡನಿಗೆ ಎಲ್ಲ ಹೇಳಿದಾಗ ಅವರು, “ಹಾಗಾದ್ರೆ ನಂಗೂ ಲೆಕ್ಕ ಬರುತ್ತೆ ಅಂತಾಯ್ತು,” ಎಂದು ಭೂತಗನ್ನಡಿಯೊಳಗಿಂದ ಕಣ್ಣು ಹೊಡೆದರು.

ಮುಂದಿನ ಪರೀಕ್ಷೆಯಲ್ಲಿ ಏಳನೇ ತರಗತಿಯ ನಲವತ್ತೂ ಮಂದಿ ಹಾಜರಿದ್ದರು. ಅಂಕ ಹೇಳಿದ ದಿನ ಶಿಕ್ಷಕರ ಕೋಣೆಯ ಬಾಗಿಲಲ್ಲಿ ಮತ್ತೆ ಎರಡು ಜಡೆ ಕಾಣಿಸಿದವು.

“ಟೀಚರ್, ಈ ಸಲ ನಂಗೆ ಹನ್ನೊಂದು!”

“ಭೇಷ್.”

“ಹೋದ ಸಲ ಸೊನ್ನೆ ಇತ್ತಲ್ಲ, ಈಗ ಹನ್ನೊಂದು. ನನ್ನಿಂದ ತರಗತಿ ಸರಾಸರಿ ಎಷ್ಟು ಏರಿತು?”

ಶಿಕ್ಷಕರ ಕೋಣೆಯಲ್ಲಿ ಎಲ್ಲರೂ ನಕ್ಕರು. ದಶಮಾಂಶದ ಟೀಚರ್ ನಗಲಿಲ್ಲ. ಹಾಳೆ ತೆಗೆದು, ಹನ್ನೊಂದನ್ನು ನಲವತ್ತರಿಂದ ಭಾಗಿಸಿ, ಹುಡುಗಿಯ ಕಡೆ ತಿರುಗಿಸಿ ತೋರಿಸಿದರು.

“ಸೊನ್ನೆ ದಶಮಾಂಶ ಎರಡು ಏಳು ಐದು,” ಎಂದರು. “ಪೂರ್ತಿ ನಿನ್ನದೇ.”